ನೀರಿನ ಪ್ರಶ್ನೆಗೆ ಬಾಟ್ ಯಾವಾಗ ಉತ್ತರಿಸಬೇಕು?

ಅಪಾರ್ಟ್‌ಮೆಂಟ್ ನಿವಾಸಿಗಳ ಟೆಲಿಗ್ರಾಂ ಗುಂಪುಗಳಿಗೆ ಸ್ವಯಂ ಉತ್ತರ ಕೊಡುವ ಬಾಟ್ ಅಳವಡಿಸುವುದು ನನ್ನ ಕೆಲಸದ ಒಂದು ಭಾಗ. ಸಂಘದವರು ಸಾಮಾನ್ಯವಾಗಿ ಪಟ್ಟಿ ಸಿದ್ಧಮಾಡಿಕೊಂಡೇ ಬರುತ್ತಾರೆ: ನಿರ್ವಹಣಾ ಶುಲ್ಕಕ್ಕೆ ಕೊನೆಯ ದಿನ ಯಾವುದು, ಹಸಿ ಕಸ ಎಷ್ಟು ಹೊತ್ತಿಗೆ ಹೊರಗಿಡಬೇಕು, ಸಭಾಂಗಣಕ್ಕೆ ಯಾರನ್ನು ಕೇಳಬೇಕು. ಇವನ್ನು ತುಂಬಲು ಒಂದು ಮಧ್ಯಾಹ್ನ ಸಾಕು. ಬಾಟ್ ಯಾವಾಗ ಬಾಯಿ ಮುಚ್ಚಿಕೊಂಡು ಪ್ರಶ್ನೆಯನ್ನು ಅಡ್ಮಿನ್‌ಗಳಿಗೆ ದಾಟಿಸಬೇಕು ಎಂಬುದನ್ನು ಹೊಂದಿಸುವುದರಲ್ಲೇ ಉಳಿದ ಸಮಯವೆಲ್ಲ ಹೋಗುತ್ತದೆ.

ನೀರಿನ ವಿಷಯವನ್ನೇ ನೋಡಿ. ‘ನೀರಿನ ಬಿಲ್ ಹೇಗೆ ಲೆಕ್ಕ ಹಾಕುತ್ತಾರೆ?’ ಎಂಬುದಕ್ಕೆ ಸ್ಥಿರವಾದ ಉತ್ತರವಿದೆ. ‘ಬಿ ಬ್ಲಾಕ್‌ನಲ್ಲಿ ನೀರು ಬರುತ್ತಿಲ್ಲ, ಏಕೆ?’ ಎಂಬುದಕ್ಕೆ ಇಲ್ಲ. ಪಂಪ್ ಕೆಟ್ಟಿದೆಯೋ, ಟ್ಯಾಂಕರ್ ತಡವಾಗಿದೆಯೋ, ಬಾಟ್‌ಗೆ ತಿಳಿಯುವ ದಾರಿಯೇ ಇಲ್ಲ. ಆದರೂ ಎರಡರಲ್ಲೂ ‘ನೀರು’ ಇದೆ. ಪದ ಹೊಂದಿತೆಂದು ನೀರು ಬಿಡುವ ವೇಳಾಪಟ್ಟಿಯನ್ನು ಕಳಿಸಿದರೆ, ತಲೆಗೆ ಸೋಪು ಹಚ್ಚಿಕೊಂಡು ನಿಂತವರು ಅದನ್ನು ಸುಮ್ಮನೆ ಓದಿಕೊಳ್ಳುವುದಿಲ್ಲ. ಆದ್ದರಿಂದ ನನ್ನ ಮೊದಲ ನಿಯಮ ಪದಕ್ಕಲ್ಲ, ಕಾಲಕ್ಕೆ ಸಂಬಂಧಿಸಿದ್ದು: ಹೋದ ತಿಂಗಳು ಕೊಟ್ಟ ಉತ್ತರ ಇಂದಿಗೂ ಸರಿಯಾಗಿದ್ದರೆ ಬಾಟ್ ಹೇಳಲಿ, ಇಂದಿನ ಸ್ಥಿತಿಯನ್ನು ನೋಡಿ ಬಂದು ಹೇಳಬೇಕಾದದ್ದು ಮನುಷ್ಯರಿಗೆ ಹೋಗಲಿ.

ಇದನ್ನು ಯಂತ್ರಕ್ಕೆ ತಿಳಿಸುವಾಗ ಕನ್ನಡ ಆಟವಾಡಿಸುತ್ತದೆ. ದೂರಿನ ಗುರುತಾದ ‘ಇಲ್ಲ’ ಬೇರೆ ಪದವಾಗಿ ಬರುವುದೇ ಕಡಿಮೆ. ‘ನೀರಿಲ್ಲ’, ‘ಬರುತ್ತಿಲ್ಲವಲ್ಲ’ ಎಂದು ಅಂಟಿಕೊಂಡು ಬರುತ್ತದೆ. ಅಕ್ಷರಗಳ ಸಾಲನ್ನಷ್ಟೇ ಹುಡುಕಿದರೆ ‘ಇಲ್ಲಿ ಕಾರು ನಿಲ್ಲಿಸಬಹುದೇ?’ ಎಂಬುದೂ ದೂರಾಗಿಬಿಡುತ್ತದೆ, ಏಕೆಂದರೆ ‘ಇಲ್ಲಿ’, ‘ನಿಲ್ಲಿಸು’ ಎರಡರಲ್ಲೂ ಆ ಸಾಲು ಅಡಗಿದೆ. ಮುಂದೆ ಇಕಾರ ಬಂದರೆ ಬಿಟ್ಟುಬಿಡು ಎಂದು ಹೇಳಬೇಕು:

```python
text = unicodedata.normalize("NFC", text.lower())
words = text.split()
status = re.search(r"[ಇಿ]ಲ್ಲ(?!ಿ)|illa", text)
```

‘ನಿಲ್ಲಬೇಕು’ ಎಂಬುದು ಈಗಲೂ ತಪ್ಪಾಗಿ ಸಿಕ್ಕಿಬೀಳುತ್ತದೆ. ಬೀಳಲಿ. ಅಡ್ಮಿನ್‌ಗೆ ಒಂದು ಸಂದೇಶ ಹೆಚ್ಚಾದರೆ ನಷ್ಟವಿಲ್ಲ. ಕೊನೆಯ `illa` ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ ಬರೆಯುವವರಿಗಾಗಿ. ‘ಬರ್ತಿಲ್ವಾ’ದಂಥ ಆಡುರೂಪಗಳು ಈ ಬಲೆಗೆ ಬೀಳುವುದಿಲ್ಲ, ಗುಂಪಿನ ಹಳೆಯ ಸಂದೇಶಗಳನ್ನು ಓದಿ ಅವನ್ನು ಬೇರೆಯಾಗಿ ಸೇರಿಸಬೇಕು.

ಕೋಡ್‌ನ ಮೊದಲ ಎರಡು ಸಾಲುಗಳಿಗೂ ಕಾರಣವಿದೆ. ‘ನೀ’ ಅಕ್ಷರದ ದೀರ್ಘವನ್ನು ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ ಬರೆಯಬಹುದು, ಗುಡಿಸು ಮತ್ತು ದೀರ್ಘದ ಗುರುತು ಎಂದು ಎರಡಾಗಿಯೂ ಬರೆಯಬಹುದು. ಕಣ್ಣಿಗೆ ಒಂದೇ, ಹೋಲಿಸಿದರೆ ಬೇರೆ. `NFC` ಎರಡನ್ನೂ ಒಂದು ಮಾಡುತ್ತದೆ. ಪದಗಳನ್ನು ಬಿಡಿಸಲು ಪೈಥಾನಿನ `\w+` ಬಳಸಿದರೆ ‘ನೀರು’ ಎಂಬುದು ‘ನ’, ‘ರ’ ಎಂದು ಚೂರಾಗುತ್ತದೆ. ಸ್ವರಚಿಹ್ನೆಗಳನ್ನು ಅದು ಅಕ್ಷರವೆಂದು ಎಣಿಸುವುದಿಲ್ಲ. ಇಂಗ್ಲಿಷ್ ಪ್ರಶ್ನೆಗಳಿಗೆ ಉತ್ತರ ಹೋಗುತ್ತಿದ್ದು ಕನ್ನಡದವೆಲ್ಲ ಅಡ್ಮಿನ್‌ಗಳ ಬಳಿ ರಾಶಿಯಾಗುತ್ತಿದ್ದರೆ ಮೊದಲು ಇಲ್ಲಿ ನೋಡಿ. ಪದ ಇಡಿಯಾಗಿ ಸಿಕ್ಕಮೇಲೆ ‘ನೀರ’ ಎಂದು ಆರಂಭವಾಗುತ್ತದೆಯೇ ಎಂದು ಕೇಳಿದರೆ ನೀರು, ನೀರಿನ, ನೀರಿಗೆ ಮೂರೂ ಬರುತ್ತವೆ.

ಬಾಟ್ ಯಾವುದಕ್ಕೂ ಮಿಸುಕದಿದ್ದರೆ ಕಾರಣ ಬೇರೆ. ಟೆಲಿಗ್ರಾಂನಲ್ಲಿ ಗುಂಪಿನ ಬಾಟ್‌ಗೆ ತಾನಾಗಿಯೇ ಎಲ್ಲ ಸಂದೇಶಗಳೂ ಕಾಣುವುದಿಲ್ಲ. `@BotFather` ಬಳಿ `/setprivacy` ಕೊಟ್ಟು ಆ ತಡೆಯನ್ನು ತೆಗೆದು, ಬಾಟ್ ಅನ್ನು ಗುಂಪಿನಿಂದ ಹೊರಗೆ ಹಾಕಿ ಮತ್ತೆ ಸೇರಿಸಬೇಕು. ಎಲ್ಲರ ಮಾತೂ ಅದಕ್ಕೆ ಕಾಣುತ್ತದೆ ಎಂಬುದನ್ನು ನಿವಾಸಿಗಳಿಗೆ ಮೊದಲೇ ತಿಳಿಸುವಂತೆ ನಾನು ಸಂಘಕ್ಕೆ ಪಟ್ಟು ಹಿಡಿದು ಹೇಳುತ್ತೇನೆ.

ದಾಟಿಸುವ ಕ್ರಮ ಹೀಗಿದೆ. ಬಾಟ್ ಪ್ರಶ್ನೆಯ ಪ್ರತಿಯನ್ನು ಅಡ್ಮಿನ್‌ಗಳ ಪ್ರತ್ಯೇಕ ಗುಂಪಿಗೆ ಹಾಕಿ, ಮೂಲ ಸಂದೇಶದ ಸಂಖ್ಯೆಯನ್ನೂ ಪ್ರತಿಯ ಸಂಖ್ಯೆಯನ್ನೂ ಜೋಡಿಯಾಗಿ ಬರೆದಿಟ್ಟುಕೊಳ್ಳುತ್ತದೆ. ಅಡ್ಮಿನ್ ಆ ಪ್ರತಿಗೆ ಕೊಟ್ಟ ಉತ್ತರವನ್ನು ತಂದು ಮೂಲ ಪ್ರಶ್ನೆಯ ಕೆಳಗೆ ಹಾಕುತ್ತದೆ. ನೀರು ನಿಂತ ಬೆಳಿಗ್ಗೆ ಒಂದೇ ಪ್ರಶ್ನೆ ಹತ್ತು ಮನೆಗಳಿಂದ ಬರುತ್ತದೆ. ಪ್ರತಿಯೊಂದಕ್ಕೂ ‘ಅಡ್ಮಿನ್‌ಗೆ ತಿಳಿಸಿದ್ದೇನೆ’ ಎಂದರೆ ಗುಂಪಿನ ತುಂಬ ಬಾಟ್‌ನ ಮಾತೇ ಆಗುತ್ತದೆ. ಅದೇ ವಿಷಯ, ಅದೇ ಬ್ಲಾಕ್, ಒಂದು ಗಂಟೆಯೊಳಗೆ ಬಂದದ್ದಾದರೆ ಮೊದಲನೆಯದಕ್ಕೆ ಮಾತ್ರ ಹಾಗೆ ಹೇಳಿ, ಉಳಿದವನ್ನು ಅದರ ಜೊತೆಗೇ ಸೇರಿಸುವಂತೆ ಹೊಂದಿಸುತ್ತೇನೆ.

ಲಿಫ್ಟ್‌ನಲ್ಲಿ ಸಿಕ್ಕಿಕೊಂಡವರು, ಗ್ಯಾಸ್ ವಾಸನೆ ಬಂದವರು ಈ ಸರದಿಯಲ್ಲಿ ನಿಲ್ಲುವಂತಿಲ್ಲ. ಆ ಪದಗಳು ಕಂಡರೆ ಬಾಟ್ ಒಡನೆಯೇ ಭದ್ರತಾ ಕೊಠಡಿಯ ದೂರವಾಣಿ ಸಂಖ್ಯೆಯನ್ನು ಗುಂಪಿನಲ್ಲಿ ಹಾಕುತ್ತದೆ, ಅಡ್ಮಿನ್‌ಗಳಿಗೂ ದಾಟಿಸುತ್ತದೆ. ‘ಲಿಫ್ಟ್ ದುರಸ್ತಿ ಎಂದು?’ ಎಂದು ಕೇಳಿದವರಿಗೂ ಆ ಸಂಖ್ಯೆ ಹೋಗುತ್ತದೆ, ಅವರು ಸ್ವಲ್ಪ ಗೊಣಗುತ್ತಾರೆ. ಆ ನಿಯಮವನ್ನು ಮಾತ್ರ ನಾನು ಸಡಿಲಿಸುವುದಿಲ್ಲ.