ಕೋಳಿಮರಿನ ಎಳೀಬೇಕಾ, ಮುಟ್ಟಿದ್ರೆ ಸಾಕಾ

14 ಮಾರ್ಚ್ 2025, ಶುಕ್ರವಾರ

ಇವತ್ತು ಗೇಮ್‌ನಲ್ಲಿ ಡ್ರ್ಯಾಗ್ ಕಡ್ಡಾಯ ಅಲ್ಲ ಅಂತ ಮಾಡಿದ್ವಿ. ಟೀಮ್‌ನಲ್ಲಿ ಸ್ವಲ್ಪ ಜಗಳಾನೂ ಆಯ್ತು, ಯಾಕಂದ್ರೆ ಇಡೀ ಆಟ ಎಳೆದು ಸೇರಿಸೋದ್ರ ಮೇಲೇ ನಿಂತಿತ್ತು. ಮೊದಲ ಸಲ ಸ್ಮಾರ್ಟ್‌ಫೋನ್ ಹಿಡಿಯೋರಿಗೆ ಅಂತ ಮಾಡ್ತಿರೋ ಗೇಮ್ ಇದು, ಸ್ಕ್ರೀನ್ ಮೇಲೆ ಒಂದು ಅಕ್ಷರಾನೂ ಇಲ್ಲ, ಕೋಳಿಮರಿನ ತಾಯಿಕೋಳಿ ಹತ್ರ, ಕರುನ ಹಸು ಹತ್ರ ಸೇರಿಸಿದ್ರೆ ಆಯ್ತು.

ನಮಗೆಲ್ಲ ಎಳೆಯೋದು ಒಂದೇ ಕೆಲಸ ಅನ್ಸತ್ತೆ, ಆದ್ರೆ ಹೊಸಬರು ಮಾಡೋದನ್ನ ಪಕ್ಕದಲ್ಲಿ ಕೂತು ನೋಡಿದ್ರೆ ಅದ್ರಲ್ಲಿ ನಾಲ್ಕು ಕೆಲಸ ಇದೆ: ಮರಿ ಮೇಲೆ ಬೆರಳಿಡ್ಬೇಕು, ಎತ್ತದೇ ಹಾಗೇ ಇಟ್ಕೋಬೇಕು, ಗಾಜಿನ ಮೇಲೆ ಜಾರಿಸ್ಬೇಕು, ಸರಿಯಾದ ಜಾಗದಲ್ಲಿ ಬಿಡ್ಬೇಕು. ಗಟ್ಟಿಯಾಗಿ ಒತ್ತಿದ್ರೇನೇ ಕೆಲಸ ಆಗತ್ತೆ ಅನ್ನೋ ಬಟನ್ ಫೋನ್ ಅಭ್ಯಾಸ ಇರೋರು ಜೋರಾಗಿ ಒತ್ತುತ್ತಾರೆ, ಒತ್ತಿದಷ್ಟೂ ಬೆರಳು ಗಾಜಿಗೆ ಅಂಟ್ಕೊಂಡು ತಡೆತಡೆದು ಜಾರತ್ತೆ, ಮಧ್ಯ ಒಂದು ಕ್ಷಣ ಬೆರಳು ಮೇಲೆದ್ರೆ ಸಾಕು, ಮರಿ ಪಟ್ಟಂತ ಮೊದಲಿದ್ದ ಜಾಗಕ್ಕೆ ವಾಪಸ್ ಹಾರಿಹೋಗತ್ತೆ. ಆ ವಾಪಸ್ ಹಾರೋ ಅನಿಮೇಶನ್ ನಮ್ಮ ಪ್ರಕಾರ "ಮತ್ತೆ ಟ್ರೈ ಮಾಡಿ" ಅಂತ. ನೋಡೋರಿಗೆ ಅದು "ಇದು ತಪ್ಪು ಕೋಳಿ" ಅಂತ ಕಾಣತ್ತೆ. ಒಬ್ರು ಅಮ್ಮ ಸರಿಯಾದ ತಾಯಿ ಹತ್ರಾನೇ ತಗೊಂಡ್ಹೋಗ್ತಿದ್ರು, ಮರಿ ವಾಪಸ್ ಬಂದ ತಕ್ಷಣ ಕೈ ಹಿಂದಕ್ಕೆ ತಗೊಂಡು "ಇದರದ್ದಲ್ವೇನಪ್ಪಾ ಹಾಗಾದ್ರೆ" ಅಂದು ಹಸು ಕಡೆಗೆ ಎಳೆಯೋಕೆ ಶುರು ಮಾಡಿದ್ರು. ಅವರ ಯೋಚನೆ ಪೂರ್ತಿ ಸರಿಯಾಗೇ ಇತ್ತು.

ಇನ್ನೊಂದು ತೊಂದರೆ ಮರಿ ಕೂತಿದ್ದ ಜಾಗದ್ದು. ಆಂಡ್ರಾಯ್ಡ್ 10 ಬಂದಾಗಿಂದ ಅಂಚಿಂದ ಒಳಕ್ಕೆ ಜಾರಿಸಿದ್ರೆ ಅದು ಬ್ಯಾಕ್ ಜೆಸ್ಚರ್, ನಮ್ಮ ಮರಿ ಎಡ ಅಂಚಿಗೆ ಅಂಟ್ಕೊಂಡೇ ಇತ್ತು, ಸೋ ಮರಿ ಎಳೆಯೋಕೆ ಹೋದ್ರೆ ಗೇಮೇ ಮುಚ್ಕೋತಿತ್ತು. setSystemGestureExclusionRects ಅಂತ ಒಂದು ದಾರಿ ಇದೆ, "ಈ ಜಾಗದಲ್ಲಿ ಬ್ಯಾಕ್ ಬೇಡ" ಅಂತ ಸಿಸ್ಟಮ್‌ಗೆ ಹೇಳ್ಬಹುದು, ಆದ್ರೆ ಒಂದೊಂದು ಅಂಚಿಗೆ, dp ಅನ್ನೋ ಸ್ಕ್ರೀನ್ ಅಳತೆಯಲ್ಲಿ, 200dp ಎತ್ತರ ಮಾತ್ರ ಕೊಡತ್ತೆ. ಅದ್ರ ಜೊತೆ ಗುದ್ದಾಡೋದಕ್ಕಿಂತ ಮರಿಗಳನ್ನ ಸ್ಕ್ರೀನ್ ಮಧ್ಯಕ್ಕೆ ತಂದ್ವಿ, ಮುಗೀತು.

ಈಗ ಆಟ ಹೀಗಿದೆ. ಮರಿನ ಮುಟ್ಟಿದ್ರೆ ಅದು ಚಿಂವ್ ಅಂತ ಎದ್ದು ರೆಕ್ಕೆ ಬಡೀತಾ ಇರತ್ತೆ, ತಾಯಂದಿರನ್ನ ಬಿಟ್ಟು ಬೇರೆಲ್ಲ ಸ್ವಲ್ಪ ಮಂಕಾಗತ್ತೆ, ತಾಯಿನ ಮುಟ್ಟಿದ್ರೆ ಮರಿ ತಾನೇ ಓಡಿ ಹೋಗತ್ತೆ. ಎಳೆಯೋರು ಎಳೀಬಹುದು, ಮಧ್ಯ ಬೆರಳು ಬಿಟ್ರೆ ಮರಿ ಬಿಟ್ಟ ಜಾಗದಲ್ಲೇ ನಿಂತು ರೆಕ್ಕೆ ಬಡೀತಿರತ್ತೆ, ಅಲ್ಲಿಂದಾನೇ ಮುಂದುವರೀಬಹುದು. ವಾಪಸ್ ಹೋಗೋದು ನಿಜವಾಗ್ಲೂ ತಪ್ಪು ತಾಯಿ ಹತ್ರ ಬಿಟ್ಟಾಗ ಮಾತ್ರ, ಅದೂ ಹಾರ್ಕೊಂಡಲ್ಲ, ತಲೆ ಅಲ್ಲಾಡಿಸಿ ನಡ್ಕೊಂಡು. ಮತ್ತೊಂದು ವಿಷ್ಯ, ಮರಿನ ಎರಡನೇ ಸಲ ಮುಟ್ಟಿದ್ರೆ ಆಯ್ಕೆ ರದ್ದಾಗಲ್ಲ. ಹೊಸಬರು ಕೆಲಸ ಆಯ್ತೋ ಇಲ್ವೋ ಅಂತ ಟಪಟಪ ಎರಡು ಸಲ ಮುಟ್ಟೋದು ಸರ್ವೇಸಾಮಾನ್ಯ, ಎರಡನೇದು ಮೊದಲನೇದನ್ನ ಅಳಿಸಿಹಾಕಿದ್ರೆ ಅವರ ಕಣ್ಣಿಗೆ ಏನೂ ಆಗ್ಲೇ ಇಲ್ಲ.

ಸರಿ ಡ್ರ್ಯಾಗ್ ಹೋಯ್ತು, ಟ್ಯಾಪ್ ಅಂದ್ರೆ ಸುಲಭ ತಾನೇ? ಅದೂ ಇಲ್ಲ. ಬೆರಳು ಏನ್ಮಾಡ್ತಿದೆ ಅಂತ ಗುರುತಿಸೋ ಆಂಡ್ರಾಯ್ಡ್‌ನ GestureDetector ಪ್ರಕಾರ ಬೆರಳು ಸುಮಾರು ಅರ್ಧ ಸೆಕೆಂಡ್ ಅಲ್ಲೇ ಇದ್ರೆ ಅದು ಲಾಂಗ್ ಪ್ರೆಸ್, ಆಮೇಲೆ ಬೆರಳೆತ್ತಿದ್ರೂ ಟ್ಯಾಪ್ ಆಯ್ತು ಅಂತ ಹೇಳೋ onSingleTapUp ಬರೋದೇ ಇಲ್ಲ. ಹೊಸಬರು ಮುಟ್ಟಿದ್ಮೇಲೆ ಏನಾಗತ್ತೆ ಅಂತ ಬೆರಳಿಟ್ಕೊಂಡೇ ಕಾಯ್ತಾರೆ, ಗೇಮ್ ಅವರು ಬೆರಳೆತ್ತಲಿ ಅಂತ ಕಾಯತ್ತೆ, ಇಬ್ರೂ ಕಾಯ್ಕೊಂಡು ಕೂತಿರ್ತಾರೆ. ಇನ್ನು ಬೆರಳು ಅಲುಗಾಡೋಕೆ ಇರೋ ಮಿತಿ ಮಾಮೂಲಾಗಿ 8dp, ಅಂದ್ರೆ ಒಂದೂಕಾಲು ಮಿಲಿಮೀಟರ್ ಅಷ್ಟೆ! ಅದಕ್ಕಿಂತ ಜಾಸ್ತಿ ಸರಿದ್ರೆ ಟ್ಯಾಪ್ ಅಲ್ಲ ಅನ್ನತ್ತೆ. ಸ್ವಲ್ಪ ನಡುಗೋ ಕೈ ಇರೋರು ಏನ್ಮಾಡ್ಬೇಕು.

ಹಾಗಾಗಿ ನಾವು ಟ್ಯಾಪ್ ಅನ್ನೋದನ್ನೇ ಅಗಲ ಮಾಡಿದ್ವಿ. ಬೆರಳು ತಾಗಿದ ತಕ್ಷಣ ಮರಿ ಚಿಂವ್ ಅನ್ನತ್ತೆ, ಎತ್ತೋ ತನಕ ಕಾಯಲ್ಲ. ಎಷ್ಟು ಹೊತ್ತು ಒತ್ತಿದ್ರು ಅನ್ನೋದು ಲೆಕ್ಕಕ್ಕಿಲ್ಲ, ಎತ್ತುವಾಗ ಅದೇ ಚಿತ್ರದ ಮೇಲಿದ್ರೆ ಅದು ಟ್ಯಾಪ್. ಚಿತ್ರದ ಸೈಜ್ ವಿಷ್ಯದಲ್ಲಿ ಗೂಗಲ್ ಹೇಳೋ ಕನಿಷ್ಠ 48dp, ನಾವು ಮರಿಗೆ ಅದರ ಎರಡರಷ್ಟು ಕೊಟ್ಟಿದೀವಿ, ಒಂದು ಸ್ಕ್ರೀನ್‌ನಲ್ಲಿ ಮೂರಕ್ಕಿಂತ ಹೆಚ್ಚು ಮರಿ ಇಲ್ಲದೇ ಇರೋದ್ರಿಂದ ಜಾಗಕ್ಕೇನೂ ಬರ ಇಲ್ಲ.

ಇವತ್ತಿಡೀ ತಲೆ ತಿಂದಿದ್ದು ಮಾತ್ರ ಹೆಬ್ಬೆರಳು. ಅದೇ ಅಮ್ಮ ಸರಿಯಾಗೇ ಮುಟ್ತಿದ್ರು, ಮರಿ ಕಮಕ್ ಕಿಮಕ್ ಅಂತಿರ್ಲಿಲ್ಲ. ಫೋನ್ ಹಾಳಾಗಿದ್ಯಾ ಅಂತ ಈಸ್ಕೊಂಡು ನಾನು ಮುಟ್ಟಿದ್ರೆ ಸರಿ ಇದೆ, ಅವರ ಕೈಗೆ ಕೊಟ್ರೆ ಮತ್ತೆ ಸತ್ತುಹೋಗತ್ತೆ. ಬಗ್ಗಿ ನೋಡಿದ್ರೆ ಬಿದ್ದುಬಿಡತ್ತೆ ಅಂತ ಎಡಗೈಲಿ ಬಿಗಿಯಾಗಿ ಹಿಡ್ಕೊಂಡಿದಾರೆ, ಆ ಹೆಬ್ಬೆರಳ ತುದಿ ಸ್ಕ್ರೀನ್ ಮೂಲೆ ಮೇಲೆ ಕೂತಿದೆ. ಗೇಮ್‌ಗೆ ಅದೇ ಮೊದಲನೇ ಬೆರಳು, ಅದು ACTION_DOWN ಆಗಿ ಬಂದುಬಿಟ್ಟಿದೆ, ಬಲಗೈ ಬೆರಳು ACTION_POINTER_DOWN ಆಗಿ ಬರತ್ತೆ, ಅದನ್ನ ನಮ್ಮ ಕೋಡ್ ಕೇಳಿಸ್ಕೊಳ್ತಾನೇ ಇಲ್ಲ. ಲಾಗ್ ನೋಡಿದ್ರೆ ಇದು ಎದ್ದು ಕಾಣತ್ತೆ, ಮೂಲೆಯಲ್ಲೊಂದು ಟಚ್ ಶುರುವಾಗಿ ನಿಮಿಷಗಟ್ಟಲೆ ಮುಗಿಯೋದೇ ಇಲ್ಲ. ಈಗ ಪ್ರತಿ ಬೆರಳನ್ನೂ ಬೇರೆಬೇರೆಯಾಗಿ ನೋಡ್ತೀವಿ, ಯಾವ ಚಿತ್ರಾನೂ ಇಲ್ಲದ ಜಾಗದಲ್ಲಿ ಶುರುವಾದ ಟಚ್‌ನ ಅದು ಎತ್ತೋ ತನಕ ಲೆಕ್ಕಕ್ಕೇ ತಗೊಳ್ಳಲ್ಲ.

ಕೊನೇದಾಗಿ ತೋರಿಸಿಕೊಡೋ ಕೈ ಚಿತ್ರ. ಮಾತಿಲ್ದೇ "ಇಲ್ಲಿ ಮುಟ್ಟಿ" ಅನ್ನೋಕೆ ಎಲ್ಲರೂ ಬಿಳೀ ಕೈ ಹಾಕ್ತಾರೆ, ನಮ್ಮಲ್ಲೂ ಇತ್ತು, ಅಲ್ಲಾಡದ ಚಿತ್ರ. ಜನ ಆ ಕೈನೇ ಮುಟ್ತಾರೆ, ಅದೂ ಮಣಿಕಟ್ಟಿನ ಹತ್ರ, ಯಾಕಂದ್ರೆ ಅದೂ ಅಲ್ಲಿರೋ ಚಿತ್ರಗಳಲ್ಲಿ ಒಂದು ತಾನೇ. 2006ರಲ್ಲೇ ಇಂದ್ರಾಣಿ ಮೇಧಿ, ಅಮನ್ ಸಾಗರ್, ಕೆಂಟಾರೊ ಟೊಯಾಮಾ ಓದು ಬರದೋರಿಗೆ ಅಕ್ಷರ ಇಲ್ಲದ ಇಂಟರ್‌ಫೇಸ್ ಬಗ್ಗೆ ಬರೆದಿದ್ರು, ಬರೀ ವಸ್ತು ಬರೆದ್ರೆ ಅದು ವಸ್ತು ಅಂತಷ್ಟೇ ಅರ್ಥ ಆಗತ್ತೆ, ಕೆಲಸ ಅನ್ನೋದು ತಿಳೀಬೇಕಂದ್ರೆ ಚಿತ್ರದಲ್ಲಿ ಕ್ರಿಯೆ ಕಾಣ್ಬೇಕು ಅನ್ನೋದು ಅದ್ರಲ್ಲಿ ಸಿಗತ್ತೆ. ಸೋ ಕೈ ಈಗ ಹೊರಗಿಂದ ಬರತ್ತೆ, ಮರಿ ಮೇಲೆ ಇಳಿಯತ್ತೆ, ಮರಿ ಏಳತ್ತೆ, ಕೈ ಎದ್ದು ತಾಯಿ ಮೇಲೆ ಇಳಿಯತ್ತೆ, ಮರಿ ಓಡತ್ತೆ, ಆಮೇಲೆ ಎಲ್ಲಾ ಮೊದಲಿನ ಹಾಗೆ. ಅಂದ್ರೆ ಮುಟ್ಟೋದನ್ನ ಮಾತ್ರ ಅಲ್ಲ, ಮುಟ್ಟಿದ್ರೆ ಏನಾಗತ್ತೆ ಅನ್ನೋದನ್ನೂ ತೋರಿಸತ್ತೆ. ಕೈ ಮೇಲೆ ಯಾರಾದ್ರೂ ಮುಟ್ಟಿದ್ರೆ ಆ ಟಚ್ ಕೆಳಗಿರೋ ಮರಿಗೆ ಹೋಗತ್ತೆ. ನಾಲ್ಕು ಸೆಕೆಂಡ್ ಯಾರೂ ಏನೂ ಮಾಡ್ದೇ ಇದ್ರೆ ಮಾತ್ರ ಬರತ್ತೆ, ಸ್ಕ್ರೀನ್ ಮೇಲೆ ಎಲ್ಲಾದ್ರೂ ಬೆರಳು ಬಿದ್ರೆ ಮಾಯ. ಆ ಹೆಬ್ಬೆರಳು ಇದಕ್ಕೂ ಅಡ್ಡ ಬರತ್ತೆ ಅಂತ ಸಂಜೆ ಹೊಳೀತು, ಅದನ್ನೂ ಲೆಕ್ಕದಿಂದ ತೆಗೆದೆ.

ಬಾಕಿ ಇರೋದು ಸೌಂಡ್. ಚಿಂವ್ ಅನ್ನೋದನ್ನ ಇಷ್ಟು ನಂಬ್ಕೊಂಡಿದೀವಿ, ಆದ್ರೆ ಬಂದ ಫೋನುಗಳಲ್ಲಿ ಎಷ್ಟೋ ಮೀಡಿಯಾ ವಾಲ್ಯೂಮ್ ಸೊನ್ನೆಯಲ್ಲಿದ್ವು, ಅದನ್ನ ಚಿತ್ರದಲ್ಲಿ ಹೇಗೆ ಹೇಳೋದೋ ಗೊತ್ತಾಗ್ತಿಲ್ಲ. ಸ್ಪೀಕರ್ ಐಕಾನ್ ಹಾಕೋಣ ಅಂದ ಒಬ್ಬ. ಅದು ಸ್ಪೀಕರ್ ಅಂತ ಗೊತ್ತಿರೋದು ಅವನಿಗೆ.