ರೀಟೈಮಿಂಗ್ ಲಾಗ್: ಒಂದು ಎಲ್ಇಡಿ ವೈರ್ ಹಿಡಿದಿಟ್ಟಿದ್ದ ರಿಜಿಸ್ಟರ್

ಕೊನೆಗೂ ಫಿಲ್ಟರ್ 100 ಮೆಗಾಹರ್ಟ್ಸ್ ದಾಟಿತು! ಖುಷಿ ಇನ್ನೂ ಇಳಿದಿಲ್ಲ, ಅದಕ್ಕೇ ಈಗಲೇ ಬರೆದಿಡುತ್ತಿದ್ದೇನೆ.

ಎಫ್‌ಪಿಜಿಎ ಮೇಲಿನ ಈ ಡಿಸೈನ್ ಚಿಕ್ಕದು. ಸ್ಟೀರಿಯೋ ಆಡಿಯೋಗೆ ಫೀಡ್‌ಬ್ಯಾಕ್ ಇರುವ ಲೋ-ಪಾಸ್ ಫಿಲ್ಟರ್. ಹಿಂದಿನ ಔಟ್‌ಪುಟ್ ಅನ್ನು `a`ಯಿಂದ ಗುಣಿಸಿ, ಹೊಸ ಸ್ಯಾಂಪಲ್ ಕೂಡಿಸಿ, ಮಿತಿ ಮೀರಿದರೆ ಕ್ಲಿಪ್ ಮಾಡುತ್ತೆ. ಡಿಎಸ್‌ಪಿ ಬ್ಲಾಕ್‌ಗಳು ಬೇರೆ ಕೆಲಸಕ್ಕೆ ಬೇಕು, ಹಾಗಾಗಿ ಮಲ್ಟಿಪ್ಲೈಯರ್ ಸಾಮಾನ್ಯ ಲಾಜಿಕ್ ಕಟ್ಟುವ ಲಟ್‌ಗಳಲ್ಲೇ ಇದೆ. ಡಿಲೇ ಸುಮಾರಾಗಿ ಹೀಗೆ: ಮಲ್ಟಿಪ್ಲೈಯರ್ 9 ನ್ಯಾನೋಸೆಕೆಂಡ್, ಆಡರ್ 2.5, ಮಿತಿ ನೋಡುವ ಕಂಪೇರೇಟರ್ 1.5, ಮಕ್ಸ್ 1. ರಿಜಿಸ್ಟರ್‌ನದ್ದೇ 1 ಸೇರಿಸಿದರೆ 15. ಅಂದರೆ 66 ಮೆಗಾಹರ್ಟ್ಸ್.

ಇನ್‌ಪುಟ್‌ಗೋ ಔಟ್‌ಪುಟ್‌ಗೋ ಎರಡು ರಿಜಿಸ್ಟರ್ ಹಾಕಿ, ರೀಟೈಮಿಂಗ್, ಅಂದರೆ ಟೂಲ್ ತಾನೇ ರಿಜಿಸ್ಟರ್‌ಗಳನ್ನು ಲಾಜಿಕ್ ದಾಟಿಸಿ ಡಿಲೇ ಹಂಚುವ ಆಯ್ಕೆ, ಆನ್ ಮಾಡಿದರೆ ಸಾಕು ಅಂತ ಅನಿಸಬಹುದು. ಇಲ್ಲಿ ಅದು ನಡೆಯಲ್ಲ. ರಿಜಿಸ್ಟರ್‌ಗಳನ್ನು ಎಷ್ಟೇ ಸರಿಸಿದರೂ ಲೂಪ್ ಒಳಗಿನ ಅವುಗಳ ಲೆಕ್ಕ ಬದಲಾಗಲ್ಲ. ಲೈಸರ್ಸನ್ ಮತ್ತು ಸ್ಯಾಕ್ಸ್ ಕಟ್ಟಿಕೊಟ್ಟ ಸಿದ್ಧಾಂತದ ತಿರುಳೇ ಇದು. ನನ್ನ ಲೂಪ್‌ನಲ್ಲಿ ಇದ್ದದ್ದು ಒಂದೇ ರಿಜಿಸ್ಟರ್. ಅದನ್ನು ಎಲ್ಲಿಟ್ಟರೂ ಪೂರ್ತಿ ಸುತ್ತು 15 ನ್ಯಾನೋಸೆಕೆಂಡೇ.

ದಾರಿಯೂ ಅವರದ್ದೇ, ಸಿ-ಸ್ಲೋ. ಪ್ರತಿ ರಿಜಿಸ್ಟರ್ ಜಾಗದಲ್ಲಿ ಎರಡು ಇಟ್ಟು, ಎಡ ಚಾನೆಲ್ ಒಂದು ಕ್ಲಾಕ್, ಬಲ ಚಾನೆಲ್ ಮುಂದಿನ ಕ್ಲಾಕ್ ಅಂತ ಹೆಣೆಯುವುದು. ಎರಡು ಚಾನೆಲ್‌ಗೆ ಒಂದೇ ಮಲ್ಟಿಪ್ಲೈಯರ್ ಸಾಕು.

```verilog
always @(posedge clk) begin
  y1 <= clip ? lim : sum;
  y2 <= y1;   // sum = x + a*y2
end
```

ಈಗ `y1` ಹಿಂದಕ್ಕೆ ಸರಿಯಬೇಕು: ಮಕ್ಸ್ ದಾಟಿ, ಆಡರ್ ದಾಟಿ, ಮಲ್ಟಿಪ್ಲೈಯರ್ ಒಳಗೆ. ರೀಟೈಮಿಂಗ್ ಆನ್ ಮಾಡಿ ರಿಪೋರ್ಟ್ ತೆಗೆದೆ. 71 ಮೆಗಾಹರ್ಟ್ಸ್! ಸಿಟ್ಟು ಬಂತು. ಸಿಕ್ಕಿದ್ದು ಬರೀ ಒಂದು ನ್ಯಾನೋಸೆಕೆಂಡ್.

ಮೊದಲು ಬೋರ್ಡ್ ಮೇಲೆ ಅನುಮಾನ ಬಂತು. ಮಾರಿದವರು ಸ್ಪೀಡ್ ಗ್ರೇಡ್ 8 ಅಂತ ಹಾಕಿದ್ದರು, ಚಿಪ್ ಮೇಲೆ ನೋಡಿದರೆ 6. ಕೇಳಿದರೆ ಉತ್ತರವೇ ಇಲ್ಲ. ಪಾರ್ಟ್ ನಂಬರ್ ಸರಿಯಾಗಿ ಬರೆಯೋಕೆ ಏನು ಕಷ್ಟ? ಆದರೆ ಇಲ್ಲಿ ಗ್ರೇಡ್‌ನದ್ದು ತಪ್ಪಲ್ಲ. ಮೇಲಿನ ಲೆಕ್ಕವೆಲ್ಲ 6ರದ್ದೇ.

ಸುಳಿವು ಸಿಕ್ಕಿದ್ದು ರಿಜಿಸ್ಟರ್ ಕಟ್ಟುವ ಫ್ಲಾಪ್‌ಗಳ ಎಣಿಕೆಯಲ್ಲಿ. ರಿಜಿಸ್ಟರ್ ಹಿಂದೆ ಸರಿದರೆ ಎಣಿಕೆ ಸಾಮಾನ್ಯವಾಗಿ ಏರುತ್ತೆ. ಆಡರ್‌ನ ಒಂದು ಔಟ್‌ಪುಟ್ ಬದಲು ಎರಡು ಇನ್‌ಪುಟ್‌ಗಳಿಗೆ ಫ್ಲಾಪ್ ಬೇಕಲ್ವಾ? ನನ್ನದು ಏರಿದ್ದು ತೀರಾ ಸ್ವಲ್ಪ. ಕ್ರಿಟಿಕಲ್ ಪಾತ್ ನೋಡಿದೆ: `y2`ಯಿಂದ ಹೊರಟು ಮಲ್ಟಿಪ್ಲೈಯರ್, ಆಡರ್, ಕಂಪೇರೇಟರ್ ಎಲ್ಲ ದಾಟಿ ಮಕ್ಸ್ ಬಾಗಿಲಲ್ಲಿ ಮುಗಿಯುತ್ತಿತ್ತು. ರಿಜಿಸ್ಟರ್ ಮಕ್ಸ್ ಒಂದನ್ನು ದಾಟಿ ಅಲ್ಲೇ ನಿಂತಿದೆ.

ಕಾರಣ ಕ್ಲಿಪ್ ಎಲ್ಇಡಿ. `clip` ಸಿಗ್ನಲ್ ಮಕ್ಸ್‌ಗೂ ಹೋಗುತ್ತೆ, ರಿಜಿಸ್ಟರ್ ಇಲ್ಲದೆ ನೇರವಾಗಿ ಎಲ್ಇಡಿ ಪಿನ್‌ಗೂ ಹೋಗುತ್ತೆ. ಒಂದು ಲಾಜಿಕ್ ದಾಟಿ ರಿಜಿಸ್ಟರ್ ಹಿಂದೆ ಹೋಗಬೇಕಾದರೆ, ಆ ಲಾಜಿಕ್‌ನಿಂದ ಹೊರಡುವ ಪ್ರತಿ ಕವಲಿನಲ್ಲೂ ತೆಗೆಯಲು ಒಂದು ರಿಜಿಸ್ಟರ್ ಇರಬೇಕು. ಎಲ್ಇಡಿ ಕವಲಿನಲ್ಲಿ ಇರಲಿಲ್ಲ. ಕಂಪೇರೇಟರ್ ಕದಲಲಿಲ್ಲ. ಅದಕ್ಕೆ `sum` ಕೊಡುವ ಆಡರ್ ಕೂಡ ಕದಲಲಿಲ್ಲ. ಹಿಂದಿದ್ದ ಮಲ್ಟಿಪ್ಲೈಯರ್ ತನಕ ಎಲ್ಲ ಸ್ತಬ್ಧ!

`led <= clip;` ಅಂತ ಒಂದು ಸಾಲು ಸೇರಿಸಿದೆ. ಎಲ್ಇಡಿ ಒಂದು ಕ್ಲಾಕ್ ತಡವಾಗಿ ಹೊತ್ತಿದರೆ ಯಾರಿಗೆ ಗೊತ್ತಾಗುತ್ತೆ? ಮತ್ತೆ ರನ್ ಮಾಡಿದೆ. ಫ್ಲಾಪ್‌ಗಳು ಜಾಸ್ತಿಯಾದವು. ರಿಜಿಸ್ಟರ್ ಮಲ್ಟಿಪ್ಲೈಯರ್‌ನ ಕೊನೆಯ ಕೂಡಿಕೆಯನ್ನೂ ದಾಟಿತ್ತು. ಸರಿಯಾಗಿ ಅರ್ಧಕ್ಕೆ ಕತ್ತರಿಸಿದ್ದರೆ 8 ನ್ಯಾನೋಸೆಕೆಂಡ್ ಆಗಬೇಕು. ಬಂದದ್ದು 8.5, ಅಂದರೆ 117 ಮೆಗಾಹರ್ಟ್ಸ್. ಇನಿಶಿಯಲ್ ವ್ಯಾಲ್ಯೂ ತಕರಾರು ಬರಲಿಲ್ಲ, ಏಕೆಂದರೆ ಎಲ್ಲ ಇನ್‌ಪುಟ್ ಸೊನ್ನೆ ಇದ್ದರೆ ಈ ಲಾಜಿಕ್‌ನ ಔಟ್‌ಪುಟ್ ಕೂಡ ಸೊನ್ನೆಯೇ.

ಒಂದು ಮಾತು ಗಮನದಲ್ಲಿರಲಿ. ಪ್ರತಿ ಚಾನೆಲ್‌ಗೆ ಒಂದು ಸುತ್ತು ಈಗ 17 ನ್ಯಾನೋಸೆಕೆಂಡ್, ಮೊದಲಿಗಿಂತ ನಿಧಾನ. ಲಾಭ ಇರುವುದು ಎರಡು ಚಾನೆಲ್ ಇದ್ದಾಗ ಮಾತ್ರ. ಸಿಮ್ಯುಲೇಶನ್‌ನಲ್ಲಿ `y1` ಹುಡುಕಬೇಡಿ, ನೆಟ್‌ಲಿಸ್ಟ್‌ನಲ್ಲಿ ಆ ಹೆಸರೇ ಇರಲ್ಲ. ಹೊರಗಿನ ಪಿನ್‌ಗಳನ್ನಷ್ಟೇ ಹೋಲಿಸಿ.

ಮುಂದಿನದು ನಾಲ್ಕು ದನಿಯ ಸಿಂಥ್. ನಾಲ್ಕೂ ದನಿ ಇದೇ ಫಿಲ್ಟರ್ ಹಂಚಿಕೊಳ್ಳಬೇಕು, ಅಂದರೆ ಲೂಪ್‌ನಲ್ಲಿ ನಾಲ್ಕು ರಿಜಿಸ್ಟರ್. ಅಲ್ಲಿ `a` ಕೂಡ ದನಿಗೊಂದು ಇರುತ್ತೆ, ಸರಿಯಾದ ಕ್ಲಾಕ್‌ಗೆ ಸರಿಯಾದ `a` ಬರಬೇಕು. ಅದನ್ನು ಸಣ್ಣ ಶಿಫ್ಟ್ ರಿಂಗ್‌ನಲ್ಲಿ ತಿರುಗಿಸುವ ಯೋಚನೆ ಇದೆ. ಆ ರಿಂಗ್ ಕೂಡ ಒಂದು ಲೂಪೇ, ಅದರಲ್ಲೂ ನಾಲ್ಕೇ ರಿಜಿಸ್ಟರ್. ಮಲ್ಟಿಪ್ಲೈಯರ್ ಕಡೆ ಹೋಗುವ ಕವಲಿನಲ್ಲಿ ಟೂಲ್ ಏನು ಮಾಡುತ್ತೋ ನೋಡಬೇಕು.