ಕನಸಿನ ಕನ್ನಡಿಯೊಳಗಿನ ಮುಖ

"ಕನಸಿನಲ್ಲಿ ಕನ್ನಡಿ ನೋಡಿಕೊಂಡೆ. ಒಳಗಿದ್ದ ಮುಖ ನನ್ನದಾಗಿರಲಿಲ್ಲ, ಆದರೂ ಅದು ನಾನೇ ಅಂತ ಗೊತ್ತಿತ್ತು. ಇನ್ನೊಮ್ಮೆ ಥೇಟ್ ನನ್ನ ಹಾಗೇ ಇರುವವರೊಬ್ಬರು ಎದುರಿಗೆ ನಿಂತಿದ್ದರು. ಇದು ಕೆಟ್ಟ ಸೂಚನೆಯಾ? ನನಗೇನಾದರೂ ಆಗಿದೆಯಾ?"

ಸೂಚನೆಯ ಭಯವನ್ನು ಮೊದಲು ಮುಗಿಸಿಬಿಡುತ್ತೇನೆ. ಮರಣಸೂಚಕ ಲಕ್ಷಣಗಳಿಗೆಂದೇ ಒಂದು ಭಾಗವನ್ನು ಮೀಸಲಿಟ್ಟ ಚರಕಸಂಹಿತೆಯೂ ಎಲ್ಲ ಕನಸುಗಳನ್ನು ಸೂಚನೆಯೆಂದು ಎಣಿಸುವುದಿಲ್ಲ. ಇಂದ್ರಿಯಸ್ಥಾನವೆಂಬ ಆ ಭಾಗದ ಐದನೆಯ ಅಧ್ಯಾಯದಲ್ಲಿ ಕನಸುಗಳನ್ನು ಏಳು ಬಗೆಯಾಗಿ ವಿಂಗಡಿಸಿ, ಕಂಡದ್ದು, ಕೇಳಿದ್ದು, ಅನುಭವಿಸಿದ್ದು, ಬಯಸಿದ್ದು ಮತ್ತು ಕಲ್ಪಿಸಿಕೊಂಡದ್ದು ಕನಸಾಗಿ ಬಂದರೆ ಅವುಗಳಿಗೆ ಫಲವಿಲ್ಲವೆಂದು ಹೇಳಿದೆ. ದಿನಕ್ಕೆ ನಾಲ್ಕಾರು ಸಲ ನೋಡಿಕೊಳ್ಳುವ ಸ್ವಂತ ಮುಖವು ಈ ಐದರೊಳಗೇ ಬರುತ್ತದೆ ಎನ್ನುವುದಕ್ಕೆ ವಾದ ಬೇಕಾಗಿಲ್ಲ. ಆದ್ದರಿಂದ ಶಕುನದ ಪುಸ್ತಕವನ್ನು ಮುಚ್ಚಿಟ್ಟು, ಪ್ರಶ್ನೆಯಲ್ಲಿ ನಿಜವಾಗಿಯೂ ಕುತೂಹಲಕರವಾಗಿರುವ ಆ ಒಂದು ಮಾತಿಗೆ ಬರೋಣ: ಮುಖ ನನ್ನದಲ್ಲ, ಆದರೂ ಅದು ನಾನೇ ಎಂದು ಗೊತ್ತಿತ್ತು. ಗೊತ್ತಾದದ್ದು ಹೇಗೆ?

ಎಚ್ಚರದಲ್ಲಿ ಕನ್ನಡಿಯೊಳಗಿನವರು ನಾವೇ ಎಂದು ನಮಗೆ ತಿಳಿಯುವುದು ಹುಟ್ಟಿನಿಂದ ಬಂದ ಜ್ಞಾನವಲ್ಲ. ಮಗುವಿನ ಮೂಗಿಗೆ ಅದಕ್ಕೆ ಅರಿವಾಗದಂತೆ ಬಣ್ಣ ಹಚ್ಚಿ ಕನ್ನಡಿಯ ಮುಂದೆ ಬಿಡುವ ಒಂದು ಸರಳ ಪರೀಕ್ಷೆಯನ್ನು ಬ್ಯೂಲಾ ಆಮ್‌ಸ್ಟರ್‌ಡ್ಯಾಮ್ ಎಂಬ ಮನಶ್ಶಾಸ್ತ್ರಜ್ಞೆ 1972ರಲ್ಲಿ ಪ್ರಕಟಿಸಿದರು. ಚಿಕ್ಕ ಕೂಸುಗಳು ಕನ್ನಡಿಯ ಮಗುವನ್ನು ಜೊತೆಗಾರನೆಂದು ಭಾವಿಸಿ ನಗುತ್ತವೆ, ಮುಟ್ಟಲು ಹೋಗುತ್ತವೆ. ಹೆಚ್ಚುಕಡಿಮೆ ಒಂದೂವರೆ ವರ್ಷದಿಂದ ಎರಡು ವರ್ಷದೊಳಗೆ, ಕನ್ನಡಿಯನ್ನು ಬಿಟ್ಟು ತಮ್ಮದೇ ಮೂಗನ್ನು ಮುಟ್ಟಿಕೊಳ್ಳಲು ಆರಂಭಿಸುತ್ತವೆ. ಈ ಕಲಿಕೆಗೆ ಎರಡು ಆಧಾರಗಳಿವೆ. ನಾನು ಕೈ ಎತ್ತಿದ ಕ್ಷಣಕ್ಕೇ ಬಿಂಬವೂ ಕೈ ಎತ್ತುತ್ತದೆ ಎಂಬ ಹೊಂದಿಕೆ ಒಂದು. ಮತ್ತೆ ಮತ್ತೆ ಕಂಡು ಮನಸ್ಸಿನಲ್ಲಿ ನಿಂತ ಮುಖದ ನೆನಪು ಇನ್ನೊಂದು.

ಕನಸಿನಲ್ಲಿ ಈ ಎರಡೂ ಸಡಿಲವಾಗಿರುತ್ತವೆ. ಅಲ್ಲಿ ಬೆಳಕಿಲ್ಲ, ಗಾಜಿಲ್ಲ, ಪ್ರತಿಫಲನವೂ ಇಲ್ಲ. ಕನ್ನಡಿ, ಅದರೊಳಗಿನ ಮುಖ ಎರಡನ್ನೂ ನೆನಪಿನ ಸಾಮಗ್ರಿಯಿಂದ ಆ ಹೊತ್ತಿಗೆ ಕಟ್ಟಬೇಕು. ಸ್ಪಷ್ಟವಾದ ಕನಸುಗಳು ಹೆಚ್ಚಾಗಿ ಬೀಳುವ ಆರ್.ಇ.ಎಂ. ನಿದ್ರೆಯಲ್ಲಿ ಮೈಯ ಸ್ನಾಯುಗಳು ಸಡಿಲಗೊಂಡು ಕೈಕಾಲು ಅಲುಗದಂತಿರುವುದರಿಂದ, ನಿಜವಾದ ಚಲನೆಗೂ ಬಿಂಬದ ಚಲನೆಗೂ ಹೋಲಿಕೆ ನೋಡುವ ಪ್ರಶ್ನೆಯೇ ಏಳುವುದಿಲ್ಲ. ಮಿದುಳಿನ ಮುಂಭಾಗದಲ್ಲಿ ತಾಳೆ ನೋಡುವ, "ಇದು ಹೇಗೆ ಸಾಧ್ಯ" ಎಂದು ತಡೆದು ಕೇಳುವ ಕೆಲಸಕ್ಕೆ ಬೇಕಾದ ಪ್ರದೇಶಗಳ ಚಟುವಟಿಕೆಯೂ ಆ ನಿದ್ರೆಯಲ್ಲಿ ತಗ್ಗಿರುತ್ತದೆ. ಹೀಗಾಗಿ ಮುಖ ತಪ್ಪಾಗಿ ಮೂಡುವುದು ಮಾತ್ರವಲ್ಲ, ತಪ್ಪಾಗಿ ಮೂಡಿದ್ದು ತಪ್ಪೆಂದು ಅನ್ನಿಸುವುದೂ ಇಲ್ಲ.

ನನ್ನದೇ ಒಂದು ಕನಸನ್ನು ಬಿಡಿಸಿ ಹೇಳಿದರೆ ಇದು ಸುಲಭವಾಗಿ ಅರ್ಥವಾಗಬಹುದು. ಹಿಂದೆ ಮುಂದೆ ಎರಡೂ ಕಡೆ ಕನ್ನಡಿಯಿರುವ ಕ್ಷೌರದ ಅಂಗಡಿಯಲ್ಲಿ ಕೂತಿದ್ದೇನೆ. ಎದುರಿನ ಕನ್ನಡಿಯಲ್ಲಿರುವುದು ತೀರಿಕೊಂಡ ನಮ್ಮ ಅಣ್ಣನ ಮುಖ. ನಾವು ತಂದೆಯವರನ್ನು ಅಣ್ಣ ಎಂದೇ ಕರೆಯುತ್ತಿದ್ದೆವು. ದಪ್ಪ ಚೌಕಟ್ಟಿನ ಕನ್ನಡಕ, ನಾಲ್ಕು ದಿನದ ಬಿಳಿ ಗಡ್ಡ. ನಾನು ಕೆನ್ನೆ ಸವರಿಕೊಂಡಾಗ ಅವರ ಕೈ ತುಸು ತಡವಾಗಿ ಮೇಲೆದ್ದಿತು. ನನಗೆ ಹೆದರಿಕೆಯಾಗಲಿ ಆಶ್ಚರ್ಯವಾಗಲಿ ಆಗಲಿಲ್ಲ. ಗಡ್ಡ ಬಹಳ ಬೆಳೆದಿದೆ, ತೆಗೆಸಬೇಕು ಎಂದಷ್ಟೇ ಅಂದುಕೊಂಡೆ. ಎದ್ದ ಮೇಲೆ ಎದೆ ಝಲ್ಲೆಂದಿತು.

ಸಾಮಗ್ರಿ ಎಲ್ಲಿಂದ ಬಂತೆಂದು ಹುಡುಕಲು ಕಷ್ಟಪಡಬೇಕಾಗಲಿಲ್ಲ. ಆ ವಾರವೇ ಕನ್ನಡಕ ಬದಲಿಸಿದ್ದೆ, ಅದನ್ನು ವಿಡಿಯೋ ಕರೆಯಲ್ಲಿ ನೋಡಿದ ಅಕ್ಕ "ಥೇಟ್ ಅಣ್ಣನ ಹಾಗೇ ಕಾಣ್ತಿದೀಯಲ್ಲೋ" ಎಂದಿದ್ದಳು. ಆದರೆ ನನಗೆ ಮುಖ್ಯವೆನಿಸಿದ್ದು ಸಾಮಗ್ರಿಯಲ್ಲ. ಕನ್ನಡಿಯೊಳಗೆ ಪೂರ್ತಿಯಾಗಿ ಇನ್ನೊಬ್ಬರ ಮುಖವಿದ್ದರೂ "ನಾನು" ಎಂಬ ಭಾವ ಕಿಂಚಿತ್ತೂ ಕದಲಲಿಲ್ಲ, ಏಕೆಂದರೆ ಅದು ಕನ್ನಡಿಯೊಳಗೆ ಇರಲೇ ಇಲ್ಲ; ನೋಡುತ್ತಿದ್ದ ಕಡೆ, ಆ ಕುರ್ಚಿಯಲ್ಲಿ ಇತ್ತು. ಎಚ್ಚರದಲ್ಲಿ ಮುಖವೂ "ನಾನು" ಎಂಬ ಭಾವವೂ ಸದಾ ಜೊತೆಯಾಗಿ ಒದಗುವುದರಿಂದ ಎರಡೂ ಒಂದೇ ಎಂದು ಭಾವಿಸಿರುತ್ತೇವೆ. ಕನಸು ಅವನ್ನು ಬೇರೆಬೇರೆಯಾಗಿ ಒದಗಿಸುತ್ತದೆ.

ಇವು ಬೇರ್ಪಡಲು ನಿದ್ರೆಯೇ ಬೇಕೆಂದೂ ಇಲ್ಲ. ಇಟಲಿಯ ಜೊವಾನ್ನಿ ಕಪುಟೊ ಎಂಬ ಸಂಶೋಧಕರು 2010ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ 50 ಜನರನ್ನು ಒಬ್ಬೊಬ್ಬರಾಗಿ, ಬೆನ್ನ ಹಿಂದೆ ಮಂದವಾದ ಒಂದು ದೀಪವನ್ನಷ್ಟೇ ಉರಿಸಿ, 10 ನಿಮಿಷ ಕನ್ನಡಿಯಲ್ಲಿ ತಮ್ಮ ಮುಖವನ್ನೇ ದಿಟ್ಟಿಸುವಂತೆ ಕೂರಿಸಿದರು. ಅವರಲ್ಲಿ ಶೇ. 66 ಜನರಿಗೆ ಮುಖ ವಿಪರೀತವಾಗಿ ವಿಕಾರಗೊಂಡಂತೆ ಕಂಡಿತು, ಶೇ. 28 ಜನರಿಗೆ ಯಾರೋ ಅಪರಿಚಿತರು ಕಂಡರು, ಶೇ. 18 ಜನರಿಗೆ ತಂದೆಯ ಅಥವಾ ತಾಯಿಯ ಮುಖವೇ ಅಷ್ಟಿಷ್ಟು ಬದಲಾದಂತೆ ಕಂಡಿತು. ಅವರೆಲ್ಲರೂ ಆರೋಗ್ಯವಂತರು. ಕಣ್ಣನ್ನು ಒಂದೇ ಕಡೆ ನೆಟ್ಟಾಗ ಅಂಚಿನ ವಿವರಗಳು ಮಾಸುತ್ತವೆ. ಮಾಸಿದ ಜಾಗವನ್ನು ಮಿದುಳು ತನ್ನಲ್ಲಿರುವ ಬೇರೆ ಮುಖಗಳಿಂದ ತುಂಬುತ್ತದೆ ಎಂಬುದು ಇದಕ್ಕೆ ಕೊಡಬಹುದಾದ ಒಂದು ವಿವರಣೆ. ರಾತ್ರಿ ಹೊತ್ತು ಕನ್ನಡಿ ನೋಡಬಾರದೆಂದು ನಮ್ಮ ಮನೆಗಳಲ್ಲಿ ಹಿರಿಯರು ಗದರಿಸುತ್ತಿದ್ದುದು ಬುಡ್ಡಿದೀಪದ ಕಾಲದಲ್ಲಿ ಹುಟ್ಟಿದ ಮಾತಿರಬೇಕೆಂದು ನನಗೆ ಈ ಪ್ರಯೋಗವನ್ನು ಓದಿದಾಗ ಅನ್ನಿಸಿತು. ಇದು ಕೇವಲ ನನ್ನ ಊಹೆ.

ಇನ್ನು ಎದುರಿಗೆ ನಿಂತ ತದ್ರೂಪಿಯ ವಿಷಯ. ಇದಕ್ಕೆ ಬೇಕಾದ ಕಚ್ಚಾವಸ್ತು ನಮ್ಮೆಲ್ಲರ ನೆನಪಿನಲ್ಲಿಯೇ ಇದೆ. ಚಿಕ್ಕಂದಿನಲ್ಲಿ ಕೆರೆಯ ಏರಿಯ ಮೇಲೆ ಓಡಿದ್ದನ್ನು ನೆನಪಿಸಿಕೊಳ್ಳಿ. ಹಲವರಿಗೆ ಓಡುತ್ತಿರುವ ಆ ಮಗು ಹೊರಗಿನಿಂದ, ಚಡ್ಡಿ ಅಂಗಿ ಸಮೇತ ಕಾಣುತ್ತದೆ. ಆ ದೃಶ್ಯವನ್ನು ನಿಮ್ಮ ಕಣ್ಣು ಎಂದೂ ಕಂಡಿರಲಿಲ್ಲ. ಹೀಗೆ ನೆನಪುಗಳು ಒಳಗಿನಿಂದ ಕಂಡವು, ಹೊರಗಿನಿಂದ ಕಂಡವು ಎಂದು ಎರಡು ಬಗೆಯಾಗಿರುತ್ತವೆಂದು ಜಾರ್ಜಿಯಾ ನೈಗ್ರೊ ಮತ್ತು ಉಲ್ರಿಕ್ ನೈಸರ್ 1983ರಲ್ಲಿ ಅಧ್ಯಯನ ಮಾಡಿ ತೋರಿಸಿದರು. ಕನಸು ಈ ಎರಡು ಬಗೆಯನ್ನೂ ಒಂದೇ ದೃಶ್ಯದಲ್ಲಿ ಇರಿಸಿದರೆ, ನೋಡುವ ನೀವೂ ಕಾಣುವ ನೀವೂ ಮುಖಾಮುಖಿಯಾಗುತ್ತೀರಿ. ಕೆಲವರಿಗೆ ಕನಸಿನ ನಡುವೆ ತಾವು ಈ ಕಡೆಯವರೋ ಆ ಕಡೆಯವರೋ ಎಂಬುದೇ ತಿಳಿಯದಂತಾಗುತ್ತದೆ. ಅದಕ್ಕೂ ಕಾರಣವನ್ನು ಊಹಿಸಬಹುದು. "ನಾನು ಇಲ್ಲಿದ್ದೇನೆ" ಎಂಬ ಭಾವವನ್ನು ಮಿದುಳು ಕಣ್ಣು, ಸ್ನಾಯು ಮತ್ತು ಒಳಕಿವಿಯ ಸಮತೋಲನದ ಸುದ್ದಿಗಳನ್ನು ಕೂಡಿಸಿ ಕಟ್ಟುತ್ತದೆ. ಓಲಾಫ್ ಬ್ಲಾಂಕೆ ಮತ್ತು ಸಂಗಡಿಗರು 2002ರಲ್ಲಿ ವರದಿ ಮಾಡಿದ ಒಂದು ಪ್ರಕರಣದಲ್ಲಿ, ಮೂರ್ಛೆರೋಗದ ಚಿಕಿತ್ಸೆಗೆ ಬಂದಿದ್ದ ಮಹಿಳೆಯೊಬ್ಬರ ಮಿದುಳಿನ ಬಲಭಾಗದಲ್ಲಿ, ಕಿವಿಗಿಂತ ತುಸು ಮೇಲೆ ಹಿಂದಕ್ಕೆ ಇರುವ ಪ್ರದೇಶವನ್ನು ವಿದ್ಯುತ್ತಿನಿಂದ ಪ್ರಚೋದಿಸಿದಾಗ, ಹಾಸಿಗೆಯಲ್ಲಿ ಮಲಗಿದ್ದ ತಮ್ಮನ್ನು ಮೇಲಿನಿಂದ ನೋಡುತ್ತಿರುವಂತೆ ಅವರಿಗೆ ಅನ್ನಿಸಿತು. ನಿದ್ರೆಯಲ್ಲಿ ಮೈಯಿಂದ ಬರುವ ಸುದ್ದಿ ಕ್ಷೀಣವಾಗಿರುವಾಗ ನೆಲೆ ತಪ್ಪುವುದು ಅಷ್ಟೇನೂ ವಿಚಿತ್ರವಲ್ಲ.

ಪ್ರಶ್ನೆ ಕೇಳುವವರಲ್ಲಿ ಕೆಲವರು ಇಷ್ಟಕ್ಕೆ ಸುಮ್ಮನಾಗುವುದಿಲ್ಲ. "ಮುಖವೂ ಅಲ್ಲ, ಮೈಯೂ ಅಲ್ಲ ಎಂದಾದರೆ ನಾನು ಯಾರು?" ಎಂದು ಮುಂದುವರಿಯುತ್ತಾರೆ. ಅಂಥವರಿಗೆ ನಾನು ಛಾಂದೋಗ್ಯ ಉಪನಿಷತ್ತಿನ ಎಂಟನೆಯ ಅಧ್ಯಾಯವನ್ನು ಓದಲು ಹೇಳುತ್ತೇನೆ, ಏಕೆಂದರೆ ಬಿಂಬ ಮತ್ತು ಕನಸು ಎರಡನ್ನೂ ಇದೇ ಕ್ರಮದಲ್ಲಿ ಎತ್ತಿಕೊಂಡ ಚರ್ಚೆ ಅಲ್ಲಿದೆ. ಆತ್ಮವೆಂದರೇನೆಂದು ತಿಳಿಯಲು ದೇವತೆಗಳ ಪರವಾಗಿ ಇಂದ್ರ, ಅಸುರರ ಪರವಾಗಿ ವಿರೋಚನ ಪ್ರಜಾಪತಿಯ ಬಳಿ 32 ವರ್ಷ ಇರುತ್ತಾರೆ. ನೀರು ತುಂಬಿದ ಬೋಗುಣಿಯಲ್ಲಿ ನೋಡಿಕೊಳ್ಳಿ ಎಂದು ಪ್ರಜಾಪತಿ ಹೇಳಿದಾಗ, ಕೂದಲು ಉಗುರುಗಳವರೆಗೆ ನಮ್ಮ ಪಡಿಯಚ್ಚೇ ಕಾಣುತ್ತಿದೆ ಎನ್ನುತ್ತಾರೆ. ವಿರೋಚನ ಅದನ್ನೇ ಉತ್ತರವೆಂದು ತಿಳಿದು ಸಂತೋಷದಿಂದ ಊರಿಗೆ ಹೋಗುತ್ತಾನೆ. ಇಂದ್ರನಿಗೆ ಅರ್ಧ ದಾರಿಯಲ್ಲಿ ಅನುಮಾನ ಬರುತ್ತದೆ: ಮೈ ಅಲಂಕರಿಸಿಕೊಂಡರೆ ಬಿಂಬಕ್ಕೂ ಅಲಂಕಾರ, ಮೈ ಕುರುಡಾದರೆ ಬಿಂಬವೂ ಕುರುಡು, ಮೈ ಅಳಿದರೆ ಬಿಂಬವೂ ಅಳಿಯುತ್ತದಲ್ಲ? ಹಿಂದಿರುಗಿ ಬಂದವನಿಗೆ ಇನ್ನೂ 32 ವರ್ಷಗಳ ನಂತರ ಸಿಕ್ಕ ಉತ್ತರ, ಕನಸಿನಲ್ಲಿ ಸಂಚರಿಸುವವನೇ ಆತ್ಮ ಎಂಬುದು. ಅದಕ್ಕೂ ಅವನ ಆಕ್ಷೇಪವಿದೆ. ಮೈ ಕುರುಡಾದರೂ ಕನಸಿನವನು ಕುರುಡನಲ್ಲ, ನಿಜ. ಆದರೆ ಅವನನ್ನು ಯಾರೋ ಕೊಲ್ಲುವಂತೆ, ಅಟ್ಟಿಸಿಕೊಂಡು ಬರುವಂತೆ ಆಗುತ್ತದೆ, ಅವನು ಅಳುವಂತೆಯೂ ಇರುತ್ತದೆ. ಕನಸಿಲ್ಲದ ಗಾಢನಿದ್ರೆಯ ಉತ್ತರವನ್ನೂ, ಅಲ್ಲಿ "ಇದು ನಾನು" ಎಂಬ ಅರಿವೇ ಇಲ್ಲವೆಂಬ ಕಾರಣಕ್ಕೆ ಇಂದ್ರ ಒಪ್ಪುವುದಿಲ್ಲ. ಕೊನೆಯ ಉತ್ತರ ಸಿಗುವಷ್ಟರಲ್ಲಿ ಒಟ್ಟು 101 ವರ್ಷಗಳಾಗಿರುತ್ತವೆ. ಆ ಕೊನೆಯ ಉತ್ತರವನ್ನು ಒಪ್ಪುವುದು ಬಿಡುವುದು ಅವರವರಿಗೆ ಸೇರಿದ್ದು. ಬಿಂಬವನ್ನು ಕಂಡು ಅರ್ಧ ದಾರಿಯಲ್ಲಿ ನಿಂತು ಅನುಮಾನಿಸಿದ ಇಂದ್ರನ ಕ್ರಮ ಮಾತ್ರ ಕನಸಿನಿಂದ ಎದ್ದು ಗಲಿಬಿಲಿಗೊಂಡವರಿಗೆ ನೇರವಾಗಿ ಒದಗುತ್ತದೆ.

"ನನಗೇನಾದರೂ ಆಗಿದೆಯಾ" ಎಂಬ ಭಾಗಕ್ಕೆ ಉತ್ತರ ಚಿಕ್ಕದು. ಕನಸಿನಲ್ಲಿ ಮಾತ್ರ ಹೀಗಾದರೆ ಅದು ರೋಗವಲ್ಲ. ಪೂರ್ತಿ ಎಚ್ಚರದಲ್ಲಿ, ಹಗಲಿನಲ್ಲಿ, ತನ್ನ ತದ್ರೂಪಿ ಕೋಣೆಯಲ್ಲಿ ನಿಂತಂತೆ ಕಂಡರೆ ನರರೋಗ ತಜ್ಞರನ್ನು ಕಾಣಬೇಕು. ಮೂರ್ಛೆರೋಗದ ಕೆಲವು ಬಗೆಗಳಲ್ಲಿಯೂ ಮೈಗ್ರೇನ್ ತಲೆನೋವಿನಲ್ಲಿಯೂ ಹೀಗಾಗುವುದುಂಟು. ಮನೆಯ ಹಿರಿಯರೊಬ್ಬರು ಕನ್ನಡಿಯಲ್ಲಿರುವವರನ್ನು ಬೇರೆ ಯಾರೋ ಎಂದು ನಂಬಿ ಮಾತನಾಡಿಸಲು, ಬೈಯಲು ಅಥವಾ ಊಟಕ್ಕೆ ಕರೆಯಲು ಶುರುಮಾಡಿದರೆ ಅದು ಮರೆಗುಳಿತನದ ಕಾಯಿಲೆಯ ಲಕ್ಷಣವಾಗಿರಬಹುದು. ವೈದ್ಯರನ್ನು ಕಾಣುವುದರ ಜೊತೆಗೆ ಕನ್ನಡಿಗೊಂದು ಬಟ್ಟೆ ಹೊದಿಸಿದರೂ ಅವರಿಗೆ ಎಷ್ಟೋ ನೆಮ್ಮದಿ. ನಿದ್ರೆಯ ಅಂಚಿನಲ್ಲಿ ಕೋಣೆ ಇದ್ದ ಹಾಗೇ ಕಂಡು, ಕೈಕಾಲು ಅಲುಗಿಸಲಾಗದೆ, ಯಾರೋ ಬಳಿ ನಿಂತಂತಾದರೆ ಅದು ನಿದ್ರಾಪಾರ್ಶ್ವವಾಯು ಎನ್ನುವ ಬೇರೆಯದೇ ಸ್ಥಿತಿ. ಕೆಲವೇ ಕ್ಷಣ ಅಥವಾ ನಿಮಿಷಗಳಲ್ಲಿ ತಾನಾಗಿ ಬಿಡುತ್ತದೆ.

ಅದೇ ಕನಸು ಮತ್ತೆ ಬಿದ್ದರೆ, ಎದ್ದ ಕೂಡಲೇ ಒಂದು ಸಂಗತಿಯನ್ನು ಮಾತ್ರ ಬರೆದಿಟ್ಟುಕೊಳ್ಳಿ: ಮುಖ ಬದಲಾದ ಮೇಲೆ ಹೆದರಿಕೆಯಾಯಿತೋ, ಹೆದರಿಕೆ ಮೊದಲೇ ಇದ್ದು ಆಮೇಲೆ ಮುಖ ಬದಲಾಯಿತೋ. ಹೆದರಿಕೆ ಮೊದಲು ಬಂದಿದ್ದರೆ ಅದರ ಕಾರಣವನ್ನು ಕನ್ನಡಿಯಲ್ಲಿ ಹುಡುಕದೆ ಹಿಂದಿನ ದಿನಗಳಲ್ಲಿ ಹುಡುಕುವುದು ಮೇಲು. ನನ್ನ ಕನಸಿನಲ್ಲಿ ಹೆದರಿಕೆ ಬಂದದ್ದು ಎದ್ದ ಮೇಲೆಯೇ. ಅದನ್ನು ಅಕ್ಕನಿಗೆ ಹೇಳಿದಾಗ ಅವಳು ಕೇಳಿದ್ದು ಅಣ್ಣ ಚೆನ್ನಾಗಿ ಕಾಣುತ್ತಿದ್ದರಾ ಎಂದು. ಗಡ್ಡ ಬಿಟ್ಟರೆ ಚೆನ್ನಾಗಿಯೇ ಇದ್ದರು ಎಂದೆ.